ಹತ್ತು ತುಂಬುವ ತಂಗಿಗೆ ಅಣ್ಣನ ಎರಡು ನಿಮಿಷದ ಮಾತು

ಪ್ರಶ್ನೆ: ನನಗೆ 23 ವರ್ಷ. ನನ್ನ ಚಿಕ್ಕಮ್ಮನ ಮಗಳಿಗೆ ಬರುವ ವಾರ ಹತ್ತು ತುಂಬುತ್ತದೆ. ಅವಳ ಕ್ಲಾಸಿನ ಮಕ್ಕಳು, ನೆಂಟರು ಎಲ್ಲ ಸೇರುತ್ತಾರೆ. ಚಿಕ್ಕಮ್ಮ "ಅಣ್ಣನಾಗಿ ನೀನು ನಾಲ್ಕು ಮಾತಾಡು" ಅಂದಿದ್ದಾರೆ. ಎರಡು ಪುಟ ಬರೆದೆ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡಿದ್ದು, ಶಾಲೆಯ ಮೊದಲ ದಿನ ಗೇಟು ಹಿಡಿದು ಅತ್ತಿದ್ದು, ಹೋದ ವರ್ಷ ರಜೆಯಲ್ಲಿ ಪಜಲ್‌ನ ಒಂದು ತುಂಡು ಕಳೆದಾಗ ರಟ್ಟಿನಲ್ಲಿ ತಾನೇ ಮಾಡಿ ಕೂರಿಸಿದ್ದು, ತುಂಬಾ ಜಾಣೆ, ಮುಂದೆ ದೊಡ್ಡ ಹೆಸರು ಮಾಡಬೇಕು ಅಂತೆಲ್ಲ ಇದೆ. ಓದಿದರೆ ಶಾಲೆಯ ಭಾಷಣದ ಥರ ಕೇಳಿಸುತ್ತೆ. ಎಷ್ಟು ಹೊತ್ತು ಮಾತಾಡಬೇಕು? ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಎರಡು ನಿಮಿಷ ಮಾತಾಡಿ. ಪಜಲ್ ಇಟ್ಟುಕೊಳ್ಳಿ, ಉಳಿದದ್ದನ್ನೆಲ್ಲ ಬಿಡಿ.

ಇಷ್ಟು ಹೇಳಿದರೆ ಸಾಲದು ಅಂತ ಗೊತ್ತು. ಬರೆದಿದ್ದರಲ್ಲಿ ಮುಕ್ಕಾಲು ಭಾಗ ತೆಗೆಯಿರಿ ಅಂದರೆ ಯಾಕೆ ಅಂತ ಕೇಳುತ್ತೀರಿ. ಎಷ್ಟು ಚೆನ್ನಾಗಿ ಬರೆದಿದ್ದೀರಿ ಅನ್ನೋದು ಇಲ್ಲಿ ವಿಷಯವೇ ಅಲ್ಲ. ಈ ಮಾತು ಯಾರಿಗೆ ಅನ್ನುವುದನ್ನು ಮೊದಲು ನೋಡಬೇಕು. ನಿಮ್ಮ ಎರಡು ಪುಟದಲ್ಲಿ ಹೆಚ್ಚಿನದು ನೆಂಟರಿಗಾಗಿ ಇದೆ. ಮಗುವನ್ನು ಎತ್ತಿಕೊಂಡ ಕಥೆ ಕೇಳಿ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ. ಗೇಟು ಹಿಡಿದು ಅತ್ತ ಕಥೆಗೆ ಮಾವಂದಿರು ನಗುತ್ತಾರೆ. ದೊಡ್ಡ ಹೆಸರು ಮಾಡಬೇಕು ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಷ್ಟೂ ಹೊತ್ತು ನಿಮ್ಮ ತಂಗಿ ನಡುವೆ ನಿಂತು, ಕೈ ಎಲ್ಲಿಟ್ಟುಕೊಳ್ಳಬೇಕು ಅಂತ ತಿಳಿಯದೆ ಅಮ್ಮನ ಮುಖ ನೋಡುತ್ತಿರುತ್ತಾಳೆ. ಮಕ್ಕಳಿಗೂ ದೊಡ್ಡವರಿಗೂ ವೇದಿಕೆಯ ಮೇಲೆ ಮಾತಾಡುವುದನ್ನು ಕಲಿಸುವುದೇ ನನ್ನ ಕೆಲಸ. ಮಕ್ಕಳ ಹುಟ್ಟುಹಬ್ಬಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದು ಇದನ್ನೇ.

ಹತ್ತು ವರ್ಷ ಅನ್ನುವುದು ಒಂದು ವಿಚಿತ್ರ ವಯಸ್ಸು. ಐದು ವರ್ಷದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಏನು ಹೇಳಿದರೂ ಅದಕ್ಕೆ ಖುಷಿಯೇ. ಎಲ್ಲರೂ ತನ್ನನ್ನು ನೋಡುತ್ತಿದ್ದಾರಲ್ಲ, ಅಷ್ಟೇ ಸಾಕು. ಏಳೆಂಟು ವರ್ಷ ದಾಟುವ ಹೊತ್ತಿಗೆ ಮಕ್ಕಳು ತಮ್ಮನ್ನು ಓರಗೆಯವರ ಜೊತೆ ಹೋಲಿಸಿ ನೋಡಲು ಶುರು ಮಾಡುತ್ತಾರೆ. ನಾನು ಯಾವುದರಲ್ಲಿ ಮುಂದು, ಯಾವುದರಲ್ಲಿ ಹಿಂದು, ಗೆಳತಿಯರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ, ಇದೆಲ್ಲ ತಲೆಯಲ್ಲಿ ಓಡುತ್ತಿರುತ್ತದೆ. ಹತ್ತಕ್ಕೆ ಬಂದಾಗ ಇದು ಗಟ್ಟಿಯಾಗಿರುತ್ತದೆ. ಹಾಗಾಗಿ ನೀವು ಆಡುವ ಪ್ರತಿ ಮಾತನ್ನೂ ಅವಳು ಎರಡು ಸಲ ಕೇಳಿಸಿಕೊಳ್ಳುತ್ತಾಳೆ. ಒಮ್ಮೆ ತನ್ನ ಕಿವಿಯಿಂದ, ಇನ್ನೊಮ್ಮೆ ಅಲ್ಲಿ ಕೂತಿರುವ ತನ್ನ ಕ್ಲಾಸಿನ ಮಕ್ಕಳ ಕಿವಿಯಿಂದ.

ಈಗ ಗೇಟಿನ ಕಥೆ ತೆಗೆದುಕೊಳ್ಳಿ. ನಿಮಗೆ ಅದು ಮುದ್ದಾದ ನೆನಪು. ಆದರೆ ಸೋಮವಾರ ಅವಳು ಅದೇ ಮಕ್ಕಳ ಜೊತೆ ಕ್ಲಾಸಿನಲ್ಲಿ ಕೂರಬೇಕು. ಯಾರಾದರೂ ಒಬ್ಬರು "ಗೇಟು ಹಿಡ್ಕೊಂಡು ಅತ್ತಿದ್ಯಂತೆ?" ಅಂದರೆ ಸಾಕು. ಅಳು, ಭಯ, ಹಾಸಿಗೆ ಒದ್ದೆ ಮಾಡಿದ್ದು, ಊಟಕ್ಕೆ ಹಟ ಮಾಡಿದ್ದು, ತೂಕ, ಬಣ್ಣ, ಹಲ್ಲು, ಮಾರ್ಕ್ಸು, ಇವು ಯಾವುವೂ ಮಾತಿನಲ್ಲಿ ಬರಕೂಡದು. ಮನೆಯಲ್ಲಿ ಕರೆಯುವ ಮುದ್ದು ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಮಕ್ಕಳಿಗೆ ಅದು ಪರವಾಗಿಲ್ಲ, ಕೆಲವರಿಗೆ ಶಾಲೆಯವರ ಮುಂದೆ ಅದನ್ನು ಹೇಳಿದರೆ ಸಿಟ್ಟು ಬರುತ್ತದೆ. ಎರಡು ದಿನ ಮುಂಚೆ ಅವಳನ್ನೇ ಕೇಳಿಬಿಡಿ. "ನಾನು ಮಾತಾಡುವಾಗ ನಿನ್ನನ್ನ ಏನಂತ ಕರೀಲಿ?" ಅಂತ ನೇರವಾಗಿ. ಹತ್ತು ವರ್ಷದವಳಿಗೆ ಈ ಪ್ರಶ್ನೆಯಿಂದಲೇ ಅರ್ಧ ಸಂತೋಷವಾಗುತ್ತದೆ. ತನ್ನ ಅಭಿಪ್ರಾಯವನ್ನು ಕೇಳಿದರಲ್ಲ ಅಂತ.

ಅಣ್ಣ ಅಕ್ಕಂದಿರು ಮಾತಾಡಲು ನಿಂತಾಗ ಇನ್ನೊಂದು ವಾಕ್ಯ ತಾನಾಗೇ ನಾಲಿಗೆಗೆ ಬರುತ್ತದೆ: "ನಾನು ನಿನ್ನ ವಯಸ್ಸಿನಲ್ಲಿ..." ಅದೂ ಬೇಡ. ಅಲ್ಲಿಂದ ಮಾತು ನಿಮ್ಮ ಕಡೆ ತಿರುಗುತ್ತದೆ, ಇಲ್ಲವೇ ಬುದ್ಧಿವಾದದ ಕಡೆ. ನಿಮ್ಮ ತಮ್ಮನೋ ಅವಳ ತಮ್ಮನೋ ಅಲ್ಲೇ ಕೂತಿದ್ದರೆ ಅವರ ಜೊತೆ ಹೋಲಿಸುವುದೂ ಬೇಡ, ಹೊಗಳಿಕೆಯ ಹೆಸರಿನಲ್ಲೂ ಬೇಡ.

ಹುಟ್ಟಿದಾಗ ಎತ್ತಿಕೊಂಡ ಕಥೆಯನ್ನು ಬಿಡಿ ಅಂದಿದ್ದಕ್ಕೆ ಕಾರಣ ಬೇರೆ. ಅದರಲ್ಲಿ ನಾಚಿಕೆಯ ಮಾತು ಏನೂ ಇಲ್ಲ. ಆದರೆ ಆ ಕಥೆಯಲ್ಲಿ ಅವಳು ಇದ್ದೂ ಇಲ್ಲ. ಹುಟ್ಟಿದ ದಿನವಂತೂ ಯಾರಿಗೂ ನೆನಪಿರುವುದಿಲ್ಲ, ಮೂರು ವರ್ಷದವರೆಗಿನ ಬದುಕು ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಗುತ್ತದೆ. ಇದರ ಬಗ್ಗೆ ಪ್ಯಾಟ್ರಿಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮಕ್ಕಳು ಮೂರು ವರ್ಷದವರಿದ್ದಾಗ ಅವರ ಜೀವನದ ಘಟನೆಗಳ ಬಗ್ಗೆ ಅಮ್ಮಂದಿರು ಅವರ ಜೊತೆ ಮಾತಾಡಿದ್ದನ್ನು ದಾಖಲಿಸಿಕೊಂಡು, ವರ್ಷಗಳ ನಂತರ ಅದೇ ಮಕ್ಕಳನ್ನು ಕೇಳಿದರು. ಐದರಿಂದ ಏಳು ವರ್ಷದ ಮಕ್ಕಳಿಗೆ ಅರ್ಧಕ್ಕಿಂತ ಜಾಸ್ತಿ ಘಟನೆಗಳು ನೆನಪಿದ್ದವು. ಎಂಟು ಒಂಬತ್ತು ವರ್ಷದವರಿಗೆ ಉಳಿದಿದ್ದು ಮೂರನೇ ಒಂದು ಭಾಗ ಅಷ್ಟೇ. ಅಂದರೆ ನಿಮ್ಮ ತಂಗಿ ಈಗ ಇರುವ ವಯಸ್ಸಿಗೆ ಬರುವಾಗಲೇ ಆ ಮೊದಲಿನ ನೆನಪುಗಳು ಮಾಸಿರುತ್ತವೆ. ನೀವು ಹೇಳುವ ಪುಟ್ಟ ಪಾಪು ಅವಳಿಗೆ ಬೇರೆ ಯಾರೋ.

ಅದಕ್ಕೇ ನಾನು ಹೇಳುವುದು, ಅವಳಿಗೂ ನೆನಪಿರುವ ಘಟನೆ ಆರಿಸಿ ಅಂತ. ಆರು ವರ್ಷ ದಾಟಿದ ಮೇಲಿನದು ಒಳ್ಳೆಯದು, ಕಳೆದ ಒಂದೆರಡು ವರ್ಷದ್ದಾದರೆ ಇನ್ನೂ ಒಳ್ಳೆಯದು. ನೀವು ಹೇಳಲು ಶುರು ಮಾಡಿದಾಗ ಅವಳು "ಹೂಂ, ಹೌದು" ಅಂತ ತಲೆ ಆಡಿಸಬೇಕು, ಮುಂದೇನು ಅಂತ ಅವಳಿಗೆ ಗೊತ್ತಿರಬೇಕು. ಆಗ ಆ ನೆನಪು ನಿಮ್ಮಿಬ್ಬರದೂ ಆಗುತ್ತದೆ, ಕೂತವರು ಅದನ್ನು ಪಕ್ಕದಿಂದ ಕೇಳುತ್ತಾರೆ.

ನಿಮ್ಮ ಪಜಲ್ ಘಟನೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವಳಿಗೆ ನೆನಪಿದೆ, ನೀವೂ ಅಲ್ಲಿ ಇದ್ದಿರಿ, ಗೆಳತಿಯರ ಮುಂದೆ ಹೇಳಿದರೆ ತಲೆ ಎತ್ತಿ ನಿಲ್ಲುವಂಥದ್ದು. ಇನ್ನೊಂದು ದೊಡ್ಡ ಗುಣ ಇದೆ. ಅದರಲ್ಲಿ ಅವಳು ಏನೋ ಮಾಡಿದ್ದಾಳೆ. ಅವಳಿಗೆ ಆಗಿದ್ದಲ್ಲ, ಅವಳು ಮಾಡಿದ್ದು.

ಈಗ ಹೊಗಳಿಕೆಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹುಟ್ಟುಹಬ್ಬದ ಮಾತು ಕೆಡುವುದು ಹೆಚ್ಚಾಗಿ ಇಲ್ಲೇ. "ತುಂಬಾ ಜಾಣೆ" ಅಂತ ಬರೆದಿದ್ದೀರಿ. ಪ್ರೀತಿಯಿಂದಲೇ ಬರೆದಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಆ ಮಾತು ಒಳಗೊಳಗೇ ಭಾರವಾಗಬಹುದು.

ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸರಿಸುಮಾರು ನಿಮ್ಮ ತಂಗಿಯ ವಯಸ್ಸಿನ, ಐದನೇ ತರಗತಿಯ ಮಕ್ಕಳ ಮೇಲೆಯೇ ನಡೆದವು. ಮಕ್ಕಳಿಗೆ ಆಕಾರಗಳನ್ನು ಹೊಂದಿಸುವ ಒಗಟುಗಳನ್ನು ಕೊಟ್ಟರು. ಮುಗಿಸಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅನ್ನುವ ಅರ್ಥದಲ್ಲಿ ಹೊಗಳಿದರು, ಇನ್ನು ಕೆಲವರಿಗೆ "ಚೆನ್ನಾಗಿ ಶ್ರಮ ಪಟ್ಟಿದ್ದೀಯ" ಅನ್ನುವ ಅರ್ಥದಲ್ಲಿ. ಆಮೇಲೆ ಬೇಕೆಂದೇ ಕಷ್ಟದ ಒಗಟುಗಳನ್ನು ಕೊಟ್ಟರು. ಅದರಲ್ಲಿ ಎಲ್ಲರೂ ಎಡವಿದರು. ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದ್ದು. ಬುದ್ಧಿವಂತ ಅನ್ನಿಸಿಕೊಂಡಿದ್ದ ಮಕ್ಕಳು ಈ ಸಲ ಮೊದಲಿಗಿಂತ ಕಡಿಮೆ ಬಿಡಿಸಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಹೆಚ್ಚು ಬಿಡಿಸಿದರು. ಯಾವ ಬಗೆಯ ಕೆಲಸ ಬೇಕು ಅಂತ ಕೇಳಿದಾಗಲೂ, ಬುದ್ಧಿವಂತ ಅನ್ನಿಸಿಕೊಂಡವರು ಹೆಚ್ಚಾಗಿ ಸುಲಭವಾಗಿ ಗೆಲ್ಲಬಹುದಾದ್ದನ್ನೇ ಆರಿಸಿಕೊಂಡರು. ಜಾಣೆ ಅನ್ನುವ ಹೆಸರು ಸಿಕ್ಕಿಬಿಟ್ಟರೆ ಅದನ್ನು ಕಳೆದುಕೊಳ್ಳುವ ಭಯವೂ ಜೊತೆಗೇ ಬರುತ್ತದೆ.

ಹಾಗಂತ ಹೊಗಳಿಕೆಯ ಪ್ರಮಾಣ ಏರಿಸಿದರೂ ಪ್ರಯೋಜನ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಎಡ್ಡಿ ಬ್ರುಮೆಲ್ಮನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮಕ್ಕಳು ಒಂದು ಚಿತ್ರವನ್ನು ನೋಡಿ ಬಿಡಿಸಿದರು. ಕೆಲವರಿಗೆ "ಚೆನ್ನಾಗಿದೆ" ಅನ್ನುವಷ್ಟು ಮೆಚ್ಚುಗೆ, ಕೆಲವರಿಗೆ "ಅದ್ಭುತವಾಗಿದೆ" ಅನ್ನುವಷ್ಟು ಮೆಚ್ಚುಗೆ. ತಮ್ಮ ಬಗ್ಗೆ ಅಷ್ಟಾಗಿ ಭರವಸೆ ಇಲ್ಲದ ಮಕ್ಕಳು ಆ ಉಬ್ಬಿದ ಹೊಗಳಿಕೆ ಸಿಕ್ಕ ಮೇಲೆ ಕಷ್ಟದ ಚಿತ್ರಗಳನ್ನು ಬಿಟ್ಟು ಸುಲಭದ್ದರ ಕಡೆ ಹೋದರು. ತುಂಬು ಭರವಸೆ ಇದ್ದ ಮಕ್ಕಳಲ್ಲಿ ಹೀಗಾಗಲಿಲ್ಲ. ನಿಮ್ಮ ತಂಗಿ ಯಾವ ಗುಂಪಿನವಳು ಅಂತ ಹೊರಗಿನಿಂದ ಹೇಳುವುದು ಕಷ್ಟ. ಹಾಗಾಗಿ "ನಮ್ಮ ಮನೆಯ ನಕ್ಷತ್ರ", "ಇವಳಂಥ ಹುಡುಗಿ ಇನ್ನೊಬ್ಬಳಿಲ್ಲ" ಅನ್ನುವಂಥ ಮಾತುಗಳನ್ನು ಬಿಟ್ಟರೆ ನಷ್ಟವಿಲ್ಲ. ನಿಮ್ಮ ಕೊನೆಯ ಸಾಲು, "ದೊಡ್ಡ ಹೆಸರು ಮಾಡಬೇಕು" ಅನ್ನುವುದೂ ಇದೇ ಜಾತಿಯದು. ಹುಟ್ಟುಹಬ್ಬದ ದಿನ ಅವಳ ಕೈಗೆ ಒಂದು ಕೆಲಸ ಕೊಟ್ಟಂತೆ ಆಗುತ್ತದೆ.

ಹಾಗಾದರೆ ಹೊಗಳುವುದೇ ಬೇಡವೇ? ಬೇಕು. ಆದರೆ ವಿಶೇಷಣ ಹಾಕಬೇಡಿ, ಅವಳು ಏನು ಮಾಡಿದಳು ಅನ್ನುವುದನ್ನು ಹಾಗೇ ಹೇಳಿ. "ಜಾಣೆ" ಅನ್ನುವ ಬದಲು "ಮೊದಲನೇದು ದೊಡ್ಡದಾಯ್ತು, ಮತ್ತೆ ಕತ್ತರಿಸಿದೆ" ಅನ್ನಿ. ಅದನ್ನು ಕೇಳಿದವರು ತಾವೇ ಮನಸ್ಸಿನಲ್ಲಿ "ಜಾಣೆ ಕಣೇ" ಅಂದುಕೊಳ್ಳುತ್ತಾರೆ. ಅವಳಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ ಅದು ನಿಜವಾಗಿ ನಡೆದದ್ದು.

ಹೀಗೆ ಹೇಳಬೇಕಾದರೆ ವಿವರ ಬೇಕು. ನಿಮ್ಮ ಪತ್ರದಲ್ಲಿ ಪಜಲ್‌ಗೆ ಒಂದೇ ಸಾಲು ಇದೆ. ಇವತ್ತು ರಾತ್ರಿ ಸುಮ್ನೆ ಕೂತು ನೆನಪು ಮಾಡಿಕೊಳ್ಳಿ. ಪಜಲ್‌ನಲ್ಲಿ ಯಾವ ಚಿತ್ರ ಇತ್ತು? ಕಳೆದ ತುಂಡು ಎಲ್ಲಿಯದು, ಅಂಚಿನದಾ ನಡುವಿನದಾ? ಎಲ್ಲೆಲ್ಲಿ ಹುಡುಕಿದಿರಿ? ರಟ್ಟು ಎಲ್ಲಿಂದ ಬಂತು? ಅವಳು ಅಳತೆ ಹೇಗೆ ತೆಗೆದಳು? ಎಷ್ಟನೇ ಸಲಕ್ಕೆ ಕೂತಿತು? ಕೂತ ಮೇಲೆ ಅವಳು ಏನಂದಳು? ನೀವು ಏನಂದಿರಿ? ಈ ಪ್ರಶ್ನೆಗಳಲ್ಲಿ ಕೊನೆಯೆರಡು ಎಲ್ಲಕ್ಕಿಂತ ಮುಖ್ಯ. ಅವಳು ಆಡಿದ ಒಂದು ಮಾತು ಅವಳದೇ ಧಾಟಿಯಲ್ಲಿ ಸಿಕ್ಕರೆ ನಿಮ್ಮ ಭಾಷಣ ಅರ್ಧ ಮುಗಿದ ಹಾಗೆ. ನೆನಪಾಗದಿದ್ದರೆ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿ.

ನಾನು ಒಂದು ಮಾದರಿ ಬರೆದಿದ್ದೇನೆ. ನಿಮ್ಮ ಪತ್ರದಲ್ಲಿ ಇಲ್ಲದ ವಿವರಗಳನ್ನು ನಾನೇ ತುಂಬಿದ್ದೇನೆ, ಅವುಗಳ ಜಾಗದಲ್ಲಿ ನಿಮ್ಮ ನಿಜವಾದ ವಿವರ ಹಾಕಿ. ಒಂದೂ ಸುಳ್ಳು ಉಳಿಯಬಾರದು. ಎರಡನೇ ಸಲಕ್ಕೆ ಕೂತಿದ್ದನ್ನು ಮೂರನೇ ಸಲ ಅಂದರೆ ಅವಳು ಅಲ್ಲೇ ಎಲ್ಲರ ಮುಂದೆ "ಇಲ್ಲ ಅಣ್ಣ, ಎರಡನೇ ಸಲಕ್ಕೇ ಕೂತಿತ್ತು" ಅಂತ ತಿದ್ದುತ್ತಾಳೆ. ಹತ್ತು ವರ್ಷದವರು ಇಂಥದ್ದರಲ್ಲಿ ಬಹಳ ಕಟ್ಟುನಿಟ್ಟು.

> ಎಲ್ಲರಿಗೂ ನಮಸ್ಕಾರ. ನಾನು ಇವಳ ದೊಡ್ಡಮ್ಮನ ಮಗ. ಇವಳ ಹತ್ರ ಒಂದು ಮಾತು ಹೇಳೋದಿದೆ, ನೀವೂ ಕೇಳಿಸ್ಕೊಳ್ಳಿ.
>
> ಹೋದ ವರ್ಷ ರಜೆಯಲ್ಲಿ ನಾವಿಬ್ಬರೂ ಒಂದು ದೊಡ್ಡ ಪಜಲ್ ಮಾಡಿದ್ವಲ್ಲ, ನೆನಪಿದೆಯಾ? ಸಮುದ್ರ, ದೀಪಸ್ತಂಭ. ಐನೂರು ತುಂಡು. ಅದು ಮುಗಿಯೋವರೆಗೂ ಆ ಮೇಜನ್ನ ಯಾರಿಗೂ ಮುಟ್ಟೋಕೆ ಬಿಡಲಿಲ್ಲ ನೀನು.
>
> ಕೊನೆಗೆ ನೋಡಿದ್ರೆ ಒಂದು ತುಂಡೇ ಇಲ್ಲ. ಆಕಾಶದ ನಡುವೆ ಒಂದು ತೂತು. ಸೋಫಾ ಕೆಳಗೆ ನೋಡಿದ್ವಿ, ಚಾಪೆ ಕೊಡವಿದ್ವಿ. ಸಿಗಲಿಲ್ಲ. ನಾನು "ಹೋಗ್ಲಿ ಬಿಡು, ಡಬ್ಬಕ್ಕೆ ಹಾಕಿಬಿಡೋಣ" ಅಂದೆ.
>
> ನೀನು ಏನೂ ಹೇಳಲಿಲ್ಲ. ಎದ್ದು ಹೋಗಿ ಒಂದು ಖಾಲಿ ರಟ್ಟಿನ ಡಬ್ಬ ತಂದೆ. ತೂತಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್‌ನಲ್ಲಿ ಉಜ್ಜಿ ಅಂಚು ತೆಗೆದೆ. ರಟ್ಟು ಕತ್ತರಿಸಿದೆ. ಮೊದಲನೇದು ದೊಡ್ಡದಾಯ್ತು. ಎರಡನೇದರ ಮೂಲೆ ಮುರೀತು. ಮೂರನೇದು ಕೂತ್ಕೊಳ್ತು. ಅದಕ್ಕೆ ನೀಲಿ ಬಳಿದೆ. ಪಕ್ಕದ ನೀಲಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇತ್ತು. ನೀನು ಅದರ ಮೇಲೆ ಬೆರಳಿಟ್ಟು, "ಇದೊಂದು ನನ್ನದು" ಅಂದೆ.
>
> ಈಗ ನನ್ನ ಕೆಲಸ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ, ಹೋಗ್ಲಿ ಬಿಡು ಅನ್ನೋಕೆ ಮುಂಚೆ ನನಗೆ ಆ ನೀಲಿ ತುಂಡು ನೆನಪಾಗುತ್ತೆ. ಇದನ್ನ ನಿನಗೆ ಹೇಳಿರಲಿಲ್ಲ. ಇವತ್ತು ಹೇಳೋಣ ಅನ್ನಿಸ್ತು.
>
> ಈ ರಜೆಗೆ ಸಾವಿರ ತುಂಡಿಂದು ತರ್ತೀನಿ. ನೀನು ಮೇಜು ಖಾಲಿ ಮಾಡಿಟ್ಟಿರು. ಹತ್ತು ತುಂಬಿದ್ದಕ್ಕೆ ಹುಟ್ಟುಹಬ್ಬದ ಶುಭಾಶಯ.

ಇದನ್ನು ನಿಧಾನವಾಗಿ, ನಗುವಿಗೆ ಜಾಗ ಬಿಟ್ಟು ಹೇಳಿದರೆ ಎರಡು ನಿಮಿಷದ ಒಳಗೆ ಮುಗಿಯುತ್ತದೆ. ನಿಮ್ಮದು ಇದಕ್ಕಿಂತ ಉದ್ದವಾದರೆ ಮೊಬೈಲ್‌ನಲ್ಲಿ ಟೈಮರ್ ಹಾಕಿ ಜೋರಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ, ಬಾಯಲ್ಲಿ ಹೇಳುವುದಕ್ಕೆ ಯಾವಾಗಲೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಎರಡೂವರೆ ನಿಮಿಷ ದಾಟಿದರೆ ಒಂದೊಂದೇ ಸಾಲು ತೆಗೆಯಿರಿ. ಮೊದಲು ಹೋಗಬೇಕಾದ್ದು ಶುರುವಿನ ಸಾಲುಗಳು. ರಟ್ಟು ಕತ್ತರಿಸುವ ಭಾಗವನ್ನು ಮಾತ್ರ ಮುಟ್ಟಬೇಡಿ.

ಮಾದರಿಯಲ್ಲಿ ಕೆಲವು ಕಡೆ ಬೇಕೆಂದೇ ಹಾಗೆ ಬರೆದಿದ್ದೇನೆ. ನೆಂಟರ ಕಡೆ ತಿರುಗಿ ಆಡುವ ಮಾತು ಶುರುವಿನಲ್ಲಿ ಮೂರು ಚಿಕ್ಕ ವಾಕ್ಯ ಅಷ್ಟೇ. ಅಲ್ಲಿಂದ ಮುಂದೆ ಪೂರ್ತಿ ಅವಳ ಜೊತೆ, "ನೀನು" ಅಂತಲೇ. ಭಾಷಣ ಮಾಡುವವರು ನಡುನಡುವೆ ಜನರ ಕಡೆ ತಿರುಗಿ "ಇವಳು ಏನು ಮಾಡಿದಳು ಗೊತ್ತಾ?" ಅನ್ನುತ್ತಾರೆ. ಆ ಕ್ಷಣ ಮಗು ಹೊರಗುಳಿಯುತ್ತದೆ. ತನ್ನ ಬಗ್ಗೆಯೇ ಯಾರೋ ಯಾರಿಗೋ ಹೇಳುತ್ತಿದ್ದಾರೆ ಅನ್ನಿಸುತ್ತದೆ.

"ಹೋಗ್ಲಿ ಬಿಡು" ಅಂತ ನೀವು ಅಂದಿದ್ದು ಯಾಕೆ ಬೇಕು ಅಂದರೆ, ಅಲ್ಲಿ ದೊಡ್ಡವನು ಕೈಬಿಟ್ಟ, ಚಿಕ್ಕವಳು ಬಿಡಲಿಲ್ಲ. ಅವಳ ಗೆಳತಿಯರಿಗೆ ಇದು ತುಂಬಾ ಇಷ್ಟವಾಗುತ್ತದೆ. ನಿಮಗೆ ಸ್ವಲ್ಪ ನಗು ಬೀಳಬಹುದು, ಬೀಳಲಿ. ನಗು ನಿಮ್ಮ ಮೇಲೆ ಬಿದ್ದರೆ ಅವಳು ನಿರಾಳವಾಗಿರುತ್ತಾಳೆ.

ಆಮೇಲೆ "ಈಗ ನನ್ನ ಕೆಲಸ..." ಅನ್ನುವ ಭಾಗ. ಅವಳಿಂದ ನಿಮಗೆ ಏನು ಸಿಕ್ಕಿತು ಅನ್ನುವುದು ಅಲ್ಲಿದೆ. ಹತ್ತು ವರ್ಷದ ಮಕ್ಕಳಿಗೆ ದೊಡ್ಡವರು ಕೊಡುವ ಉಡುಗೊರೆ, ಬುದ್ಧಿಮಾತು ಬೇಕಾದಷ್ಟು ಸಿಗುತ್ತವೆ. ತನ್ನಿಂದ ದೊಡ್ಡವರೊಬ್ಬರು ಏನೋ ಕಲಿತರು ಅನ್ನುವ ಮಾತು ಸಿಗುವುದು ಅಪರೂಪ. ಆದರೆ ಇದು ನಿಜವಾಗಿದ್ದರೆ ಮಾತ್ರ ಹೇಳಿ. ನಿಮಗೆ ಆ ತುಂಡು ಎಂದೂ ನೆನಪಾಗಿಲ್ಲ ಅಂದರೆ ಈ ಭಾಗವನ್ನು ಪೂರ್ತಿ ಬಿಡಿ, "ಇದೊಂದು ನನ್ನದು" ಆದ ಮೇಲೆ ನೇರವಾಗಿ ಸಾವಿರ ತುಂಡಿಗೆ ಹೋಗಿ. ಮಾತು ಆಗಲೂ ನಿಲ್ಲುತ್ತದೆ.

ಸಾವಿರ ತುಂಡಿನ ಮಾತೂ ಹಾಗೆಯೇ. ಹಾರೈಕೆಯ ಜಾಗದಲ್ಲಿ ಒಂದು ಯೋಜನೆ ಇಟ್ಟಿದ್ದೇನೆ. ಅವಳು ಅದನ್ನು ಹಿಡಿದುಕೊಂಡು ಕಾಯುತ್ತಾಳೆ. ತರಲು ಆಗುವುದಿಲ್ಲ ಅಂತಿದ್ದರೆ ನಿಮ್ಮಿಂದ ಆಗುವ ಬೇರೆ ಏನನ್ನಾದರೂ ಹೇಳಿ.

ಇನ್ನು ಭಾಷೆ. ನಿಮ್ಮದು ಶಾಲೆಯ ಭಾಷಣದ ಥರ ಕೇಳಿಸಿದ್ದಕ್ಕೆ ಕಾರಣ ನೀವು ಬರೆಯುವ ಕನ್ನಡದಲ್ಲಿ ಬರೆದಿದ್ದೀರಿ. "ನನ್ನ ಪ್ರೀತಿಯ ಸಹೋದರಿಯು ಹತ್ತನೇ ವರ್ಷಕ್ಕೆ ಪಾದಾರ್ಪಣೆ ಮಾಡುತ್ತಿರುವ ಈ ಶುಭ ಸಂದರ್ಭದಲ್ಲಿ" ಅಂತ ನೀವು ಅವಳ ಹತ್ತಿರ ಯಾವತ್ತಾದರೂ ಮಾತಾಡಿದ್ದೀರಾ? ಅಂದಹಾಗೆ, ಹತ್ತು ತುಂಬಿದರೆ ಕಾಲಿಡುವುದು ಹನ್ನೊಂದಕ್ಕೆ. ಈ ಲೆಕ್ಕವನ್ನು ಹತ್ತು ವರ್ಷದವರು ಬಿಡುವುದೇ ಇಲ್ಲ. ಮಾಡುವ ಕ್ರಮ ಸುಲಭ. ಮೊದಲು ಬರೆಯಬೇಡಿ. ಮೊಬೈಲ್‌ನಲ್ಲಿ ರೆಕಾರ್ಡ್ ಒತ್ತಿ, ಆ ದಿನ ಏನಾಯಿತು ಅಂತ ನಿಮ್ಮ ಸ್ನೇಹಿತನಿಗೆ ಹೇಳುವ ಹಾಗೆ ಹೇಳಿಬಿಡಿ. ಆಮೇಲೆ ಕೇಳಿಸಿಕೊಂಡು ಬರೆದುಕೊಳ್ಳಿ. ನಿಮ್ಮ ಮನೆಯ ಕನ್ನಡ ಯಾವುದೋ ಅದೇ ಬರಲಿ. ನನ್ನ ಮಾದರಿಯ "ಕೂತ್ಕೊಳ್ತು" ನಿಮ್ಮ ಮನೆಯಲ್ಲಿ "ಕುಂತಿತು" ಆಗಿದ್ದರೆ ಹಾಗೇ ಅನ್ನಿ.

ಪೂರ್ತಿ ಬಾಯಿಪಾಠ ಮಾಡಬೇಡಿ. ನಡುವೆ ಒಂದು ಪದ ಮರೆತರೆ ಇಡೀ ಸಾಲು ಹೋಗುತ್ತದೆ. ಕಾಗದ ನೋಡಿ ಓದುವುದೂ ಬೇಡ, ಓದುತ್ತಾ ಅವಳ ಮುಖ ನೋಡಲು ಆಗುವುದಿಲ್ಲ. ಅಂಗೈಯಷ್ಟು ಚೀಟಿಯಲ್ಲಿ ಆರು ಗುರುತು ಹಾಕಿಕೊಳ್ಳಿ: ದೀಪಸ್ತಂಭ, ತೂತು, ಹೋಗ್ಲಿ ಬಿಡು, ರಟ್ಟು, ಇದೊಂದು ನನ್ನದು, ಸಾವಿರ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರುವ ಹಾಗೆ ಇಟ್ಟುಕೊಳ್ಳಿ. ಎದೆ ಹೊಡೆದುಕೊಳ್ಳುವುದು ಮೊದಲ ವಾಕ್ಯದಲ್ಲಿ, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಒದ್ದಾಡುವುದು ಕೊನೆಯಲ್ಲಿ.

ಯಾವಾಗ ಮಾತಾಡುವುದು ಅಂತ ಚಿಕ್ಕಮ್ಮನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಊಟಕ್ಕೆ ಕರೆದ ಮೇಲೆ ಯಾರೂ ಕೇಳುವುದಿಲ್ಲ. ಮಕ್ಕಳ ಆಟ ಜೋರಾಗಿ ನಡೆಯುವಾಗ ನಿಲ್ಲಿಸಿ ಮಾತಾಡಿದರೆ ಅವರಿಗೆ ನಿಮ್ಮ ಮೇಲೆ ಬೇಜಾರು. ಎಲ್ಲರೂ ಅವಳ ಸುತ್ತ ತಾವಾಗೇ ಸೇರುವ ಹೊತ್ತು ಒಂದು ಇರುತ್ತದೆ, ಅದರ ಬೆನ್ನಿಗೇ ಮಾತು ಶುರು ಮಾಡಿ. ಅವಳ ಎದುರಿಗೆ ನಿಲ್ಲಬೇಡಿ, ಎದುರು ನಿಂತರೆ ಜನರಿಗೆ ನಿಮ್ಮ ಬೆನ್ನು. ಪಕ್ಕದಲ್ಲಿ, ಅರ್ಧ ಅವಳ ಕಡೆ ತಿರುಗಿ ನಿಲ್ಲಿ. ಅವಳು ಕೂತಿದ್ದರೆ ನೀವೂ ಕೂತುಕೊಳ್ಳಿ. ಮೇಲಿನಿಂದ ಕೆಳಗೆ ನೋಡುತ್ತಾ ಹೇಳಿದರೆ ಒಳ್ಳೆಯ ಮಾತೂ ಬೈಗುಳದ ಹಾಗೆ ಕಾಣುತ್ತದೆ. ಮೈಕ್ ಇದ್ದರೆ ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ಗಲ್ಲದ ನೇರಕ್ಕೆ ಹಿಡಿಯಿರಿ, ಸ್ಪೀಕರ್‌ನ ಮುಂದೆ ಹೋಗಬೇಡಿ, ಕೀಂಯ್ ಅಂತ ಕೂಗುತ್ತದೆ. ಒಂದು ಕೋಣೆಯಷ್ಟೇ ಜನ ಇದ್ದರೆ ಮೈಕೇ ಬೇಡ.

ಮಾತಾಡುವಾಗ ಅವಳ ಮುಖ ನೋಡುತ್ತಿರಿ. ಜನ ನಗುವಾಗ ಅವಳೂ ನಗುತ್ತಿದ್ದರೆ, ನಡುವೆ ಬಾಯಿ ಹಾಕಿದರೆ, ಗೆಳತಿಯರ ಕಡೆ ಒಮ್ಮೆ ತಿರುಗಿ ನೋಡಿದರೆ ಎಲ್ಲ ಸರಿಯಾಗಿ ಹೋಗುತ್ತಿದೆ. ನಡುವೆ ಅವಳು ಏನಾದರೂ ಹೇಳಿದರೆ ನಿಲ್ಲಿಸಿ ಕೇಳಿಸಿಕೊಳ್ಳಿ, ನಿಮ್ಮ ಸಾಲಿಗಿಂತ ಅದು ಚೆನ್ನಾಗಿರುತ್ತದೆ. ಜನ ನಗುವಾಗ ಅವಳು ನಗದೆ ನೆಲ ನೋಡುತ್ತಿದ್ದರೆ, ಅಮ್ಮನ ಹಿಂದೆ ಸರಿಯುತ್ತಿದ್ದರೆ, ಅಂಗಿಯ ಅಂಚು ಹಿಡಿದು ತಿರುಚುತ್ತಿದ್ದರೆ, ಮಾತು ಅವಳಿಗೆ ಸಾಕಾಗಿದೆ. ಆಗ ಎಲ್ಲಿದ್ದೀರೋ ಅಲ್ಲಿಂದ "ಇದೊಂದು ನನ್ನದು" ಗೆ ಹಾರಿ, ಶುಭಾಶಯ ಹೇಳಿ ಮುಗಿಸಿ. ಉಳಿದದ್ದು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನಿಮಗೇ ಗಂಟಲು ಕಟ್ಟಿದರೆ ಒಂದು ಉಸಿರು ನಿಲ್ಲಿ, ಚೀಟಿ ನೋಡಿ, ಮುಂದಿನ ಗುರುತಿಗೆ ಹೋಗಿ. ಕ್ಷಮೆ ಕೇಳುವ ಅಗತ್ಯ ಇಲ್ಲ.

ಕೆಲವು ಮಕ್ಕಳಿಗೆ ಎಲ್ಲರ ಮುಂದೆ ತಮ್ಮ ಬಗ್ಗೆ ಮಾತಾಡುವುದೇ ಬೇಡ. ಹೆಸರಿನ ಬಗ್ಗೆ ಕೇಳುವಾಗಲೇ ಅವಳು "ಅಣ್ಣ, ಏನೂ ಹೇಳಬೇಡ" ಅಂದರೆ ಅದನ್ನು ನಾಚಿಕೆ ಅಂತ ತಳ್ಳಿಹಾಕಬೇಡಿ. ಚಿಕ್ಕಮ್ಮನಿಗೆ ತಿಳಿಸಿ, ಜನರ ಮುಂದೆ ಶುಭಾಶಯದ ಒಂದು ಸಾಲು ಹೇಳಿ. ಪಜಲ್ ಕಥೆಯನ್ನು ಎಲ್ಲರೂ ಹೋದ ಮೇಲೆ ಅವಳೊಬ್ಬಳಿಗೇ ಹೇಳಿ, ಇಲ್ಲವೇ ಬರೆದು ಕೊಡಿ.

ಮಾತು ಮುಗಿದ ತಕ್ಷಣ ಯಾರಾದರೂ ಅವಳಿಗೆ "ಅಣ್ಣನಿಗೆ ಥ್ಯಾಂಕ್ಸ್ ಹೇಳು, ನೀನೂ ಎರಡು ಮಾತಾಡು" ಅನ್ನುತ್ತಾರೆ, ಮೈಕ್ ಅವಳ ಕೈಗೆ ಹೋಗುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ಶುಭಾಶಯ ಹೇಳಿದ ಕೂಡಲೇ ನೀವೇ ಮೈಕ್ ಆಫ್ ಮಾಡಿ ಕೆಳಗಿಡಿ, "ನಡೀರಿ, ಊಟಕ್ಕೆ" ಅಂತ ಮಕ್ಕಳನ್ನು ಎಬ್ಬಿಸಿ.